ಬೀಜ, ಗೊಬ್ಬರ, ಔಷಧಿ ಎಲ್ಲಾ ಒಂದೇ ಕೋಣೇಲಿದೆ, ಲೆಕ್ಕದ ಪುಸ್ತಕ ಹೇಗೆ ಇಡೋದು?

ಕೆಂಪುಮಣ್ಣು, ಜಗಳೂರು ಸೀಮೆ · ಮೇ 17, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನಮ್ಮದು ಮೂರು ಎಕರೆ, ಮಳೆಯಾಶ್ರಿತ. ಎರಡು ಎಕರೆ ಮೆಕ್ಕೆಜೋಳ, ಉಳಿದದ್ದರಲ್ಲಿ ಸ್ವಲ್ಪ ಈರುಳ್ಳಿ, ಸ್ವಲ್ಪ ತೊಗರಿ. ರೋಹಿಣಿ ಮಳೆಗೆ ಮುಂಚೆ ಸಾಮಾನು ಕೋಣೆ ಚೊಕ್ಕ ಮಾಡೋಣ ಅಂತ ಇವತ್ತು ಬಾಗಿಲು ತೆಗೆದೆ. ಸಿಕ್ಕಿದ್ದು ಇಷ್ಟು: ಬಾಯಿ ಕಟ್ಟಿದ ಡಿಎಪಿ ಚೀಲದಲ್ಲಿ ಹತ್ತು ಹದಿನೈದು ಕೆಜಿ, ಗಟ್ಟಿಯಾದ ಯೂರಿಯಾ ಒಂದು ಚೀಲ, ಹೋದ ವರ್ಷ ಸೈನಿಕ ಹುಳುವಿಗೆ ತಂದ ಎಮಾಮೆಕ್ಟಿನ್ ಅರ್ಧ ಪಾಕೀಟು, ಈರುಳ್ಳಿ ಬೀಜದ ಒಡೆದ ಡಬ್ಬಿ, ಮೆಕ್ಕೆಜೋಳದ ಬೀಜ ಎರಡು ಮುಷ್ಟಿ, ಮತ್ತೆ ಲೇಬಲ್ಲೇ ಇಲ್ಲದ ಒಂದು ಬಾಟಲಿ. ಅದರಲ್ಲಿ ಏನಿದೆ ಅಂತ ಅಪ್ಪನಿಗೂ ನೆನಪಿಲ್ಲ.

ಇದನ್ನು ಬರೆದಿಡಬೇಕು ಅನ್ನಿಸಿದ್ದಕ್ಕೆ ಇನ್ನೊಂದು ಕಾರಣ ಇದೆ. ಹೋದ ಮುಂಗಾರಿಗೆ ನಾಲ್ಕು ಕೆಜಿಯ ನಾಲ್ಕು ಪಾಕೀಟು ಬೀಜ ತಂದಿದ್ದೆ. ಮೂರು ಒಂದು ಲಾಟಿಂದು, ಒಂದು ಬೇರೆ ಲಾಟಿಂದು. ಅಂಗಡಿಯವರು ಅದನ್ನು ಹೇಳಿರಲಿಲ್ಲ, ನಾನೂ ನೋಡಿರಲಿಲ್ಲ. ಹೊಲದ ಪಶ್ಚಿಮ ದಿಕ್ಕಿಗೆ ಸುಮಾರು ಅರ್ಧ ಎಕರೆ ಬಾಚಿದ ಹಾಗೆ ಖಾಲಿ ಆಯ್ತು. ಪಾಕೀಟೆಲ್ಲ ಅಷ್ಟು ಹೊತ್ತಿಗೆ ಒಲೆ ಸೇರಿತ್ತು. ಅಂಗಡಿಗೆ ಹೋಗಿ ಕೇಳಿದರೆ "ಯಾವ ಲಾಟು ತೋರಿಸಿ" ಅಂದರು. ಬಾಯಿ ಮುಚ್ಚಿಕೊಂಡು ವಾಪಸ್ ಬಂದೆ.

ಏನೇನು ಬರೀಬೇಕು? ಎಷ್ಟು ಸರಳವಾಗಿ ಬರೀಬಹುದು? ನನಗೆ ದಿನಾ ಕೂತು ಬರೆಯೋಕೆ ಆಗಲ್ಲ.

ವೇದಾವತಿ ದಡ, ಹಿರಿಯೂರು · ಮೇ 17, ರಾತ್ರಿ 9:41

ಗೋದಾಮಿಗೆ ಸಬ್ಸಿಡಿ ಬೇಕಿದ್ದರೆ ಪಹಣಿ, ಆಧಾರ್, ಬ್ಯಾಂಕ್ ಪುಸ್ತಕ ತಗೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಬ್ರದರ್. ಅಂಗಡಿ ಇಡೋದಾದರೆ ಲೈಸೆನ್ಸ್ ಬೇರೆ ಬೇಕು, ಸ್ಟಾಕ್ ರಿಜಿಸ್ಟರ್ ಕಡ್ಡಾಯ.

ಕೆಂಪುಮಣ್ಣು, ಜಗಳೂರು ಸೀಮೆ · ಮೇ 17, ರಾತ್ರಿ 9:50

ಅಣ್ಣ, ನಾನು ವ್ಯಾಪಾರ ಮಾಡ್ತಿಲ್ಲ. ನಮ್ಮ ಮನೆಯ ಹಿಂದಿನ ಹತ್ತಡಿ ಕೋಣೆಯ ವಿಷಯ ಇದು.

ಎಕ್ಕದ ಗಿಡ, ಹರಿಹರ · ಮೇ 17, ರಾತ್ರಿ 10:25

ಮೂರು ಎಕರೆಗೆ ಪುಸ್ತಕ ಯಾಕೆ ತಮ್ಮಾ. ಗೊಬ್ಬರಕ್ಕೆ ಎಕ್ಸ್‌ಪೈರಿ ಇಲ್ಲ, ಗಟ್ಟಿಯಾದರೆ ಕೊಡತಿಯಲ್ಲಿ ಕುಟ್ಟಿ ಹಾಕು. ಔಷಧಿಗೂ ಅಷ್ಟೇ, ಡೇಟು ಕಂಪನಿಯವರು ವ್ಯಾಪಾರಕ್ಕೆ ಹಾಕ್ಕೊಂಡಿರೋದು. ನಾನು ನಾಲ್ಕು ವರ್ಷದ ಹಳೆ ಎಣ್ಣೆ ಭತ್ತಕ್ಕೆ ಹೊಡೆದಿದೀನಿ, ಹುಳ ಸತ್ತಿದೆ. ಆ ಬಾಟಲಿ ಮುಚ್ಚಳ ತೆಗೆದು ಮೂಸಿ ನೋಡು, ವಾಸನೆಯಲ್ಲೇ ಗೊತ್ತಾಗುತ್ತೆ.

ಹಳೇ ಅಂಗಡಿ, ದಾವಣಗೆರೆ · ಮೇ 18, ಬೆಳಿಗ್ಗೆ 6:15

ದಯವಿಟ್ಟು ಮೂಸಬೇಡಿ. ನಾನು ಇಪ್ಪತ್ತೆರಡು ವರ್ಷ ಬೀಜ ಗೊಬ್ಬರದ ಅಂಗಡಿಯಲ್ಲಿ ಕೆಲಸ ಮಾಡಿದವನು, ಈಗ ಬಿಟ್ಟಿದ್ದೇನೆ. ಮೂಸಿ ಗುರುತು ಹಿಡಿಯುತ್ತೇನೆ ಎಂದು ಹೋಗಿ ತಲೆ ಸುತ್ತಿ ಬಿದ್ದವರನ್ನು ಕಣ್ಣಾರೆ ನೋಡಿದ್ದೇನೆ. ಒಂದೇ ಕ್ರಿಮಿನಾಶಕ ಎರಡು ಕಂಪನಿಯಲ್ಲಿ ಎರಡು ವಾಸನೆ ಬರುತ್ತದೆ, ಯಾಕೆಂದರೆ ವಾಸನೆಯ ಬಹುಪಾಲು ಅದರಲ್ಲಿ ಬೆರೆಸಿದ ದ್ರಾವಕದ್ದು. ಮೂಸಿದರೆ ಒಳಗಿರುವ ವಿಷ ಯಾವುದು ಅಂತ ತಿಳಿಯುವುದಿಲ್ಲ, ಮೈಗೆ ಮಾತ್ರ ಹೋಗುತ್ತದೆ.

ಹರಿಹರದ ಯಜಮಾನರು ಗೊಬ್ಬರದ ಬಗ್ಗೆ ಹೇಳಿದ್ದು ಸರಿ. ಯೂರಿಯಾ ಗಟ್ಟಿಯಾದರೂ ಸಾರಜನಕ ಅಲ್ಲೇ ಇರುತ್ತದೆ, ನೀರಾಗಿ ಸೋರಿ ಚೀಲದ ಅಡಿ ತೇವ ಬಂದಿದ್ದರೆ ಮಾತ್ರ ಅಷ್ಟು ನಷ್ಟ. ಆದರೆ ಅದೇ ಮಾತನ್ನು ಔಷಧಿಗೆ ಹೇಳಬಾರದು. ಹುಳ ಸತ್ತಿತು ಎಂದರೆ ಪೂರ್ತಿ ಬಲ ಇತ್ತು ಎಂದಲ್ಲ. ಅರ್ಧ ಬಲದ ಔಷಧಿಗೆ ಬಲಹೀನ ಹುಳ ಸಾಯುತ್ತದೆ, ಗಟ್ಟಿ ಹುಳ ಉಳಿದು ಮರಿ ಮಾಡುತ್ತದೆ. ಮುಂದಿನ ಬಾರಿ ಹೊಸ ಡಬ್ಬಿ ತಂದರೂ ಆ ಹುಳ ಜಗ್ಗುವುದಿಲ್ಲ.

ಈಗ ಪುಸ್ತಕದ ವಿಷಯ. ಕೆಂಪುಮಣ್ಣು ಅವರೇ, ನಿಮ್ಮ ಅರ್ಧ ಎಕರೆ ಹೋದ ಕಥೆಯಲ್ಲೇ ಉತ್ತರ ಇದೆ. ಬಹಳ ಜನ "ಮೆಕ್ಕೆಜೋಳ ಬೀಜ 16 ಕೆಜಿ" ಎಂದು ಒಂದು ಸಾಲು ಬರೆದು ಮುಗಿಸುತ್ತಾರೆ. ಅದು ಖರ್ಚಿನ ಲೆಕ್ಕಕ್ಕೆ ಸಾಕು, ಬೆಳೆ ಕೆಟ್ಟಾಗ ಉಪಯೋಗಕ್ಕೆ ಬರುವುದಿಲ್ಲ. ಸಾಮಾನಿಗೊಂದು ಸಾಲು ಅಲ್ಲ, ಲಾಟಿಗೊಂದು ಸಾಲು. ನಾಲ್ಕು ಪಾಕೀಟಿನಲ್ಲಿ ಎರಡು ಲಾಟು ಇದ್ದರೆ ಎರಡು ಸಾಲು. ಔಷಧಿಗೂ ಹಾಗೇ, ಒಂದೇ ಹೆಸರಿನ ಎರಡು ಡಬ್ಬಿಯ ಬ್ಯಾಚ್ ನಂಬರ್ ಬೇರೆ ಇದ್ದರೆ ಎರಡು ಸಾಲು. ಒಂದರ ಅವಧಿ ಈ ಆಗಸ್ಟಿಗೆ ಮುಗಿಯಬಹುದು, ಇನ್ನೊಂದರದ್ದು ಬರುವ ವರ್ಷಕ್ಕೆ. ಮೊದಲು ಮುಗಿಯುವುದನ್ನು ಮೊದಲು ಖರ್ಚು ಮಾಡಬೇಕು. ಕೂಡಿಸಿ ಬರೆದರೆ ಅದು ಕಾಣುವುದೇ ಇಲ್ಲ.

ನಿಮ್ಮ ಹೋದ ವರ್ಷದ ಬೀಜವನ್ನು ನಾನು ಬರೆದಿದ್ದರೆ ಹೀಗೆ ಬರೆಯುತ್ತಿದ್ದೆ: ತಂದ ತಾರೀಖು, ಬಿಲ್ ನಂಬರ್, ತಳಿಯ ಹೆಸರು, ಲಾಟ್ ನಂಬರ್, ಪರೀಕ್ಷೆ ಮಾಡಿದ ದಿನ, ಅವಧಿ ಮುಗಿಯುವ ದಿನ, ಮೂರು ಪಾಕೀಟು 12 ಕೆಜಿ. ಅದರ ಕೆಳಗೆ ಇನ್ನೊಂದು ಸಾಲಿನಲ್ಲಿ ಎರಡನೇ ಲಾಟು, ಒಂದು ಪಾಕೀಟು 4 ಕೆಜಿ. ಕೊನೆಯ ಮನೆಯಲ್ಲಿ ಎಲ್ಲಿ ಬಿತ್ತಿದ್ದು ಎಂಬುದು. ಆ ಕೊನೆಯ ಮನೆಯನ್ನೇ ಎಲ್ಲರೂ ಖಾಲಿ ಬಿಡುವುದು.

ಕೆಂಪುಮಣ್ಣು, ಜಗಳೂರು ಸೀಮೆ · ಮೇ 18, ಬೆಳಿಗ್ಗೆ 7:02

ಸರ್, ಎಲ್ಲಿ ಬಿತ್ತಿದ್ದು ಅಂತ ಬರೆಯೋದು ಹೇಗೆ? ನಾವು ಸಾಲು ಹೊಡೆದು ಹಿಂದೆ ಹೆಣ್ಣುಮಕ್ಕಳು ಕಾಳು ಹಾಕ್ತಾರೆ. ನಾಲ್ಕೂ ಪಾಕೀಟು ಒಂದೇ ಬಕೆಟಿಗೆ ಸುರಿದಿದ್ದೆವು.

ಹಳೇ ಅಂಗಡಿ, ದಾವಣಗೆರೆ · ಮೇ 18, ಬೆಳಿಗ್ಗೆ 7:30

ಬಕೆಟಿಗೆ ಸುರಿದ ಗಳಿಗೆಯಲ್ಲೇ ಎರಡು ಲಾಟು ಒಂದಾಯಿತು. ಆಮೇಲೆ ಯಾರು ಬಂದು ನೋಡಿದರೂ ಬೀಜದ ತಪ್ಪು ಎಂದು ಹೇಳಲಾಗದು. ಈ ಸಲ ಒಂದು ಪಾಕೀಟು ಪೂರ್ತಿ ಮುಗಿದ ಮೇಲೆಯೇ ಇನ್ನೊಂದು ಒಡೆಯಿರಿ. ಲಾಟು ಬದಲಾದ ಸಾಲಿನಲ್ಲಿ ಬದುವಿನ ಹತ್ತಿರ ಒಂದು ಗೂಟ ಹೊಡೆಯಿರಿ. ಎಕರೆಗೆ ಎಂಟು ಕೆಜಿ ಲೆಕ್ಕದಲ್ಲಿ ಒಂದು ಪಾಕೀಟು ಅರ್ಧ ಎಕರೆಗೆ ಬರುತ್ತದೆ, ಹಾಗಾಗಿ ನಿಮಗೆ ಎರಡು ಎಕರೆಗೆ ಮೂರು ಗೂಟ ಸಾಕು. ಖಾಲಿ ಪಾಕೀಟನ್ನು ಲೇಬಲ್ ಸಮೇತ ಮಡಿಚಿ, ಒಂದೊಂದರಲ್ಲೂ ಒಂದು ಮುಷ್ಟಿ ಬೀಜ ಉಳಿಸಿ, ಬಿಲ್ಲಿನ ಜೊತೆ ಕಟ್ಟಿಡಿ. ಕೊಯ್ಲು ಮುಗಿಯುವವರೆಗೂ ಒಲೆಗೆ ಹಾಕಬೇಡಿ.

ಹಾಗಂತ ಅರ್ಧ ಎಕರೆ ಖಾಲಿ ಆದದ್ದಕ್ಕೆ ಬೀಜವೇ ಕಾರಣ ಎಂದು ಈಗಲೇ ತೀರ್ಮಾನ ಮಾಡಬೇಡಿ. ಬಿತ್ತಿದ ಎಂಟು ಹತ್ತು ದಿನಕ್ಕೆ ಖಾಲಿ ಜಾಗದಲ್ಲಿ ಕೈಯಿಂದ ಮಣ್ಣು ಕೆದರಿ ಕಾಳು ಹುಡುಕಬೇಕು. ಕಾಳು ಮೊಳಕೆಯೇ ಒಡೆಯದೆ ಮೆತ್ತಗಾಗಿ ಕೊಳೆತಿದ್ದರೆ ಬೀಜದ ಮೇಲೆ ಅನುಮಾನ. ಮೊಳಕೆ ಒಡೆದು ಮಣ್ಣಿನ ಹೆಪ್ಪಿನ ಕೆಳಗೆ ಸುರುಳಿ ಸುತ್ತಿಕೊಂಡಿದ್ದರೆ ಅದು ಬಿತ್ತಿದ ಮೇಲೆ ಬಿದ್ದ ಬಿರುಮಳೆಯ ಕೆಲಸ, ಕೆಂಪು ಮಣ್ಣಿನಲ್ಲಿ ಇದು ಬಹಳ. ಕಾಳಿನ ಒಳಗೆಲ್ಲ ಟೊಳ್ಳಾಗಿ ಸಿಪ್ಪೆ ಮಾತ್ರ ಇದ್ದರೆ ಇರುವೆ ಅಥವಾ ಹುಳು. ಬೀಜದ್ದೇ ಅನ್ನಿಸಿದರೆ ಆ ವಾರದಲ್ಲೇ ರೈತ ಸಂಪರ್ಕ ಕೇಂದ್ರದ ಕೃಷಿ ಅಧಿಕಾರಿಗೆ ಬರೆದು ಕೊಡಿ, ಸಹಿ ಹಾಕಿಸಿದ ನಕಲು ಇಟ್ಟುಕೊಳ್ಳಿ. ಅವರು ಬಂದು ನೋಡುವವರೆಗೆ ಆ ಜಾಗ ಉಳಬೇಡಿ.

ಬೀಜ ಕೊಂಡ ರೈತನೂ ಗ್ರಾಹಕನೇ, ಗ್ರಾಹಕರ ವೇದಿಕೆಗೆ ಹೋಗಬಹುದು ಎಂದು ಸುಪ್ರೀಂ ಕೋರ್ಟು 2012ರಲ್ಲೇ ಹೇಳಿದೆ. ಆದರೆ ಬಿಲ್ಲಿನಲ್ಲಿ ಲಾಟ್ ನಂಬರ್ ಇಲ್ಲದಿದ್ದರೆ ಅಲ್ಲಿ ಹೋಗಿಯೂ ಕಷ್ಟ. ಅಂಗಡಿಯಲ್ಲಿ ಬರೆಸಿಕೊಂಡೇ ದುಡ್ಡು ಕೊಡಿ. ನಾನು ಕೌಂಟರಿನ ಒಳಗಡೆ ನಿಂತಿದ್ದವನು, ಕೇಳಿದವರಿಗೆ ಬರೆದು ಕೊಡುತ್ತಿದ್ದೆವು. ಕೇಳುವವರು ಕಡಿಮೆ ಇದ್ದರು.

ಹೊಸದುರ್ಗದ ಅಕ್ಕ · ಮೇ 18, ಮಧ್ಯಾಹ್ನ 2:20

ನಮ್ಮನೇಲಿ ಪುಸ್ತಕ ಬರೆಯೋದು ನಾನೇ. ಕೆಂಪುಮಣ್ಣು, ನಿನಗೆ ದಿನಾ ಬರೆಯೋಕೆ ಆಗಲ್ಲ ಅಂದ್ಯಲ್ಲ, ದಿನಾ ಬರೀಬೇಕಾಗಿಲ್ಲ ಕಣಪ್ಪ. ಸಾಮಾನು ಕೋಣೆಗೆ ಬಂದಾಗ ಒಂದು ಸಲ, ಹೊರಗೆ ಹೋದಾಗ ಒಂದು ಸಲ. ವರ್ಷಕ್ಕೆ ಎಲ್ಲಾ ಸೇರಿ ಮೂವತ್ತು ನಲವತ್ತು ಸಾಲು ಆಗಬಹುದು. ನಾನು ಇನ್ನೂರು ಪುಟದ ಪುಸ್ತಕಕ್ಕೆ ದಾರ ಪೋಣಿಸಿ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದೀನಿ, ಪೆನ್ನೂ ಅದಕ್ಕೇ ಕಟ್ಟಿದೆ. ಪೆನ್ನು ಮನೆ ಒಳಗಿದ್ದರೆ ಯಾರೂ ಬರೆಯಲ್ಲ.

ನಾನು ಮೊದಲ ವರ್ಷ ಮಾಡಿದ ತಪ್ಪು ಹೇಳ್ತೀನಿ. ತಂದದ್ದು ಮಾತ್ರ ಬರೆದೆ, ಉಳಿದದ್ದು ಬರೀಲಿಲ್ಲ. ನಮ್ಮಂಥ ಸಣ್ಣ ಹಿಡುವಳಿಯವರಿಗೆ ಉಳಿಯೋದೇ ತಾಪತ್ರಯ. ನಮ್ಮ ಹೊಲದ ಅಳತೆಗೆ ಚೀಲ ಹೊಲಿಯಲ್ಲ ಅವರು. ನಿನ್ನ ಎರಡು ಎಕರೆ ಮೆಕ್ಕೆಜೋಳಕ್ಕೇ ಲೆಕ್ಕ ಹಾಕು. ನಮಗೆ ಮಳೆಯಾಶ್ರಿತಕ್ಕೆ ಎಕರೆಗೆ ಸಾರಜನಕ 40, ರಂಜಕ 20, ಪೊಟ್ಯಾಷ್ 10 ಕೆಜಿ ಅಂತ ಹೇಳಿದಾರೆ. ಎರಡು ಎಕರೆಯ ರಂಜಕಕ್ಕೆ ಡಿಎಪಿ 87 ಕೆಜಿ ಬೇಕು, ಎರಡು ಚೀಲ ತಂದರೆ 13 ಕೆಜಿ ಉಳೀತು. ನಿನ್ನ ಕೋಣೆಯ ಡಿಎಪಿ ಬಹುಶಃ ಅದೇ ಇರಬೇಕು. ಡಿಎಪಿಯಲ್ಲೇ 15-16 ಕೆಜಿ ಸಾರಜನಕ ಬಂತು, ಉಳಿದದ್ದಕ್ಕೆ ಯೂರಿಯಾ 140 ಕೆಜಿ. ಈಗ ಯೂರಿಯಾ ಚೀಲ 45 ಕೆಜಿ, ಮೂರು ಚೀಲಕ್ಕೆ 135. ಐದು ಕೆಜಿಗೆ ಅಂತ ನಾಲ್ಕನೇ ಚೀಲ ತಂದ್ಯೋ, 40 ಕೆಜಿ ಕೋಣೇಲಿ ಕೂತು ಕಲ್ಲಾಗುತ್ತೆ. ಆ ಐದು ಕೆಜಿ ಬಿಟ್ಟರೆ ಏನೂ ಆಗಲ್ಲ, ಇಲ್ಲ ಪಕ್ಕದ ಹೊಲದವರ ಜೊತೆ ಹಂಚ್ಕೋ. ಪುಸ್ತಕದಲ್ಲಿ ಉಳಿಕೆ ಬರೆದಿದ್ದರೆ ಅಂಗಡಿಗೆ ಹೋಗೋ ಮುಂಚೆ ಅದನ್ನು ಕಳೆದು ತರಬಹುದು. ನಮಗೆ ಹೋದ ವರ್ಷ ಒಂದು ಚೀಲ ಡಿಎಪಿ ಕಡಿಮೆ ಆಯ್ತು.

ಕೆಂಪುಮಣ್ಣು, ಜಗಳೂರು ಸೀಮೆ · ಮೇ 18, ಸಂಜೆ 7:45

ಅಕ್ಕ, ನಾನು ಹೋದ ವರ್ಷ ನಾಲ್ಕು ಚೀಲವೇ ತಂದಿದ್ದು! ಆ ಗಟ್ಟಿ ಯೂರಿಯಾ ಅದೇ. ತೂಕ ಮಾಡಿದೆ, 38 ಕೆಜಿ ಇದೆ. ಡಿಎಪಿ 12.

ಎಮಾಮೆಕ್ಟಿನ್ ಕಥೆಯೂ ಇದೇ ಅನ್ನಿಸ್ತಿದೆ. ಗ್ರಾಮಿಗೆ ಕಡಿಮೆ ಬೀಳುತ್ತೆ ಅಂತ 250 ಗ್ರಾಮಿನ ಪಾಕೀಟು ತಂದೆ. ಲೀಟರಿಗೆ 0.4 ಗ್ರಾಂ, 16 ಲೀಟರಿನ ಕ್ಯಾನಿಗೆ 6.4 ಗ್ರಾಂ. ಎಕರೆಗೆ ಹತ್ತು ಕ್ಯಾನ್ ಲೆಕ್ಕದಲ್ಲಿ ಎರಡು ಎಕರೆಗೆ 128 ಗ್ರಾಂ. ಉಳಿದದ್ದು 122 ಗ್ರಾಂ. ಪಾಕೀಟಿನ ಬಾಯಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದೆ. ಅವಧಿ ಇನ್ನೂ ಇದೆ, ಈ ವರ್ಷದ ನವೆಂಬರ್. ಬಳಸಬಹುದಾ?

ಹಳೇ ಅಂಗಡಿ, ದಾವಣಗೆರೆ · ಮೇ 18, ರಾತ್ರಿ 8:30

ಹರಳು ಬಿಡಿ ಬಿಡಿಯಾಗಿದೆಯೇ, ಮುದ್ದೆಯಾಗಿದೆಯೇ ನೋಡಿ. ಅವಧಿಯ ದಿನಾಂಕ ಮುಚ್ಚಿದ ಪಾಕೀಟನ್ನು ಸರಿಯಾದ ಜಾಗದಲ್ಲಿ ಇಟ್ಟಿದ್ದರೆ ಎಂಬ ಲೆಕ್ಕದ್ದು. ತಗಡಿನ ಸೂರಿನ ಕೆಳಗೆ ಏಪ್ರಿಲ್ ಬಿಸಿಲು ಕಂಡ ಒಡೆದ ಪಾಕೀಟಿಗೆ ಅದು ಪೂರ್ತಿ ಅನ್ವಯಿಸದು. ಕೈಗವಸು ಹಾಕಿ ಚಿಟಿಕೆಯಷ್ಟನ್ನು ಒಂದು ಲೋಟ ನೀರಿಗೆ ಹಾಕಿ ಕಲಕಿ. ಆ ಲೋಟ ಮತ್ತೆ ಮನೆಗೆ ಹೋಗಬಾರದು. ಪೂರ್ತಿ ಕರಗಿದರೆ ಈ ಮುಂಗಾರಿನ ಮೊದಲ ಸಿಂಪರಣೆಗೇ ಬಳಸಿ ಮುಗಿಸಿ. ಅಡಿಯಲ್ಲಿ ಗಸಿ ನಿಂತರೆ ಬಿಡಿ. ದ್ರವ ರೂಪದ ಎಣ್ಣೆಗಳಿಗೂ ಇದೇ ಪರೀಕ್ಷೆ. ನೀರಿಗೆ ಹಾಕಿದರೆ ಹಾಲಿನ ಹಾಗೆ ಆಗಬೇಕಾದದ್ದು ಮೇಲೆ ಎಣ್ಣೆ ತೇಲಿದರೆ ಕೆಟ್ಟಿದೆ ಎಂದರ್ಥ. ಅದನ್ನು ಹೊಡೆದರೆ ಒಂದು ಕ್ಯಾನಿನಲ್ಲಿ ಬರೀ ನೀರು, ಇನ್ನೊಂದರಲ್ಲಿ ಎಲೆ ಸುಡುವಷ್ಟು ಔಷಧಿ ಹೋಗುತ್ತದೆ. ಆದರೆ ಕರಗಿತು ಎಂದ ಮಾತ್ರಕ್ಕೆ ಒಳಗಿನ ಬಲ ಇದೆ ಎಂದಲ್ಲ. ಅದನ್ನು ಪ್ರಯೋಗಾಲಯವೇ ಹೇಳಬೇಕು.

ಎಕ್ಕದ ಗಿಡ, ಹರಿಹರ · ಮೇ 18, ರಾತ್ರಿ 9:05

ಅಂಗಡಿಯವರು ಹೇಳಿದ್ದು ಯೋಚನೆ ಮಾಡೋ ಮಾತೇ. ಆದರೂ ಅವಧಿ ಮುಗಿದು ಒಂದು ತಿಂಗಳಾದದ್ದನ್ನೆಲ್ಲ ಚೆಲ್ಲಿದರೆ ಬಡವರ ಗತಿ ಏನು? ಒಂದು ತಿಂಗಳಿಗೆ ನೀರಾಗಿ ಹೋಗುತ್ತಾ ಅದು?

ಮೊಳಕೆ, ಚಳ್ಳಕೆರೆ · ಮೇ 18, ರಾತ್ರಿ 10:12

ನಾನು ಬಿಎಸ್ಸಿ ಕೃಷಿ ಎರಡನೇ ವರ್ಷ. ಮನೇಲಿ ಶೇಂಗಾ. ನಾನು ಮೊಬೈಲಲ್ಲಿ ಶೀಟ್ ಮಾಡಿದೀನಿ. ಎಫ್ ಕಾಲಮ್ಮಿನಲ್ಲಿ ಅವಧಿ ಮುಗಿಯೋ ದಿನ, ಜಿ ಕಾಲಮ್ಮಿನಲ್ಲಿ ಇಷ್ಟು ಹಾಕಿದರೆ ಎಷ್ಟು ದಿನ ಉಳಿದಿದೆ ಅಂತ ತಾನೇ ತೋರಿಸುತ್ತೆ:

```
=F2-TODAY()
```

ಸಣ್ಣ ಸಂಖ್ಯೆ ಮೇಲೆ ಬರೋ ಹಾಗೆ ಜೋಡಿಸಿದರೆ ಮೊದಲು ಯಾವುದು ಖರ್ಚು ಮಾಡಬೇಕು ಅಂತ ಗೊತ್ತಾಗುತ್ತೆ. ಒಂದು ತೊಡಕು ಇದೆ. ಡಬ್ಬಿ ಮೇಲೆ ಬಹಳ ಸಲ ತಿಂಗಳು, ವರ್ಷ ಮಾತ್ರ ಇರುತ್ತೆ. ಹಾಗೇ ಹೊಡೆದರೆ ಕೆಲವು ಸಲ `#VALUE!` ಅಂತ ಬರುತ್ತೆ, ಕೆಲವು ಸಲ ಆ ತಿಂಗಳ ಒಂದನೇ ತಾರೀಖು ಅಂದ್ಕೊಳ್ಳುತ್ತೆ. ನಾನು ಆ ತಿಂಗಳ ಕೊನೇ ದಿನ ಹಾಕ್ತೀನಿ.

ಹೊಸದುರ್ಗದ ಅಕ್ಕ · ಮೇ 19, ಬೆಳಿಗ್ಗೆ 6:50

ಚೆನ್ನಾಗಿದೆ ಮಗಾ. ಆದರೆ ಔಷಧಿ ಕೈಯಲ್ಲಿ ಮೊಬೈಲು ಮುಟ್ಟಬಾರದು, ಅದೇ ಮೊಬೈಲು ಆಮೇಲೆ ಕಿವಿಗೆ, ಮಕ್ಕಳ ಕೈಗೆ ಹೋಗುತ್ತೆ. ಪುಸ್ತಕದಲ್ಲಿ ಬರೆದು ಭಾನುವಾರ ಶೀಟಿಗೆ ಏರಿಸು.

ತೋಟದಮನೆ, ಚನ್ನಗಿರಿ · ಮೇ 19, ಬೆಳಿಗ್ಗೆ 11:30

ನಮ್ಮದು ಅಡಿಕೆ, ಸ್ವಲ್ಪ ಬೇರೆ ವಿಷಯ, ಆದರೂ ಕೇಳ್ತೀನಿ. ಇದನ್ನೆಲ್ಲ ಓದಿ ನಾನೂ ಅಟ್ಟ ಹತ್ತಿದೆ. ಬೇರುಹುಳಕ್ಕೆ ಅಂತ ನಮ್ಮಪ್ಪ ಇದ್ದಾಗ ತಂದ ಫೋರೇಟ್ ಹರಳು ಐದಾರು ಕೆಜಿ ಇದೆ, ಪ್ಲಾಸ್ಟಿಕ್ ಚೀಲ ಇಲಿ ಕಡಿದು ಸುರಿದಿದೆ. ಅದರ ಕೆಳಗೇ ಹಸುವಿನ ಹಿಂಡಿ ಇಟ್ಟಿದ್ದೆವು. ಈ ಸಲ ತೋಟಕ್ಕೆ ಹಾಕಿ ಮುಗಿಸಿಬಿಡಲಾ?

ಹಳೇ ಅಂಗಡಿ, ದಾವಣಗೆರೆ · ಮೇ 19, ಮಧ್ಯಾಹ್ನ 12:05

ಹಾಕಬೇಡಿ. ಫೋರೇಟ್ 2020ರ ಡಿಸೆಂಬರ್ ಕೊನೆಯಿಂದ ದೇಶದಲ್ಲೇ ನಿಷೇಧ. ಅದು ಕೆಂಪು ತ್ರಿಕೋನದ ವಿಷ, ಚರ್ಮದಿಂದಲೂ ಒಳಗೆ ಹೋಗುತ್ತದೆ. ಮೊದಲು ಆ ಹಿಂಡಿ ದನಕ್ಕೆ ಹಾಕುವುದು ನಿಲ್ಲಿಸಿ, ಮೇಲೆ ನೋಡಿ ಚೊಕ್ಕ ಇದೆ ಅನ್ನಿಸಿದರೂ ಬೇಡ. ಪೊರಕೆಯಿಂದ ಗುಡಿಸಿದರೆ ಧೂಳು ಏಳುತ್ತದೆ. ಒದ್ದೆ ಮರಳು ಅಥವಾ ಒದ್ದೆ ಮಣ್ಣು ಚೆಲ್ಲಿ, ಕೈಗವಸು ಹಾಕಿ, ಮೂಗು ಬಾಯಿ ಕಟ್ಟಿಕೊಂಡು ಎತ್ತಿ. ಎಲ್ಲವನ್ನೂ ಗಟ್ಟಿ ಮುಚ್ಚಳದ ಡಬ್ಬಿಗೆ ತುಂಬಿ "ಫೋರೇಟ್, ವಿಷ, ಬಳಸಬಾರದು" ಎಂದು ಬರೆದು ಕೀಲಿಯೊಳಗೆ ಇಡಿ. ಕಾಲುವೆಗೆ, ಬಾವಿಗೆ ಹಾಕಬೇಡಿ, ಸುಡಬೇಡಿ.

ತೋಟದಮನೆ, ಚನ್ನಗಿರಿ · ಮೇ 19, ಮಧ್ಯಾಹ್ನ 12:40

ಇಟ್ಟು? ಎಷ್ಟು ವರ್ಷ ಇಡಲಿ? ಯಾರಿಗೆ ಕೊಡಲಿ?

ಹಳೇ ಅಂಗಡಿ, ದಾವಣಗೆರೆ · ಮೇ 19, ಮಧ್ಯಾಹ್ನ 1:15

ನ್ಯಾಯವಾದ ಪ್ರಶ್ನೆ, ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ. ಒಡೆದ ಡಬ್ಬಿಯನ್ನು ಅಂಗಡಿಗಳು ವಾಪಸ್ ತಗೊಳ್ಳುವುದಿಲ್ಲ, ನಾವೂ ತಗೊಳ್ಳುತ್ತಿರಲಿಲ್ಲ, ಅದನ್ನು ನೆನೆದರೆ ಈಗ ಬೇಸರವಾಗುತ್ತದೆ. ಕೃಷಿ ಅಧಿಕಾರಿಗೆ ಹೆಸರು, ಪ್ರಮಾಣ ಬರೆದು ಅರ್ಜಿ ಕೊಡಿ. ಲೇಬಲ್ ಉಳಿದಿದ್ದರೆ ಅದರಲ್ಲಿರುವ ಕಂಪನಿಯ ವಿಳಾಸಕ್ಕೂ ಬರೆಯಿರಿ. ಕೆಂಪುಮಣ್ಣು ಅವರ ಲೇಬಲ್ ಇಲ್ಲದ ಬಾಟಲಿಗೂ ಇದೇ ದಾರಿ.

ಹೊಸದುರ್ಗದ ಅಕ್ಕ · ಮೇ 19, ಸಂಜೆ 4:10

ಕೋಣೆ ಜೋಡಿಸೋದರ ಬಗ್ಗೆ ನಾಲ್ಕು ಮಾತು. ಬೀಜವನ್ನು ಆ ಕೋಣೆಯಿಂದಲೇ ತೆಗಿ, ಮನೆಯೊಳಗೆ ತಂಪಾದ ಗೋಡೆ ಕಡೆ ತಗಡಿನ ಡಬ್ಬಿಯಲ್ಲಿಡು. ಬಿಸಿ, ತೇವ ಎರಡೂ ಬೀಜಕ್ಕೆ ಆಗಲ್ಲ, ಕಳೆನಾಶಕದ ಪಕ್ಕವಂತೂ ಬೇಡವೇ ಬೇಡ. ಬಣ್ಣ ಹಚ್ಚಿದ ಬೀಜ ವಿಷ, ಕೋಳಿಗೂ ಹಾಕಬೇಡ, ಮನೆಯೊಳಗೆ ಇಟ್ಟರೂ ಕೀಲಿ ಡಬ್ಬಿಯಲ್ಲೇ ಇಡು. ಗೊಬ್ಬರದ ಚೀಲ ಹಲಗೆ ಮೇಲೆ, ಗೋಡೆಯಿಂದ ಒಂದು ಗೇಣು ಈಚೆ.

ಔಷಧಿಗೆ ಕೀಲಿ ಇರೋ ಪೆಟ್ಟಿಗೆ. ಅದರಲ್ಲಿ ಪುಡಿ ಮೇಲಿನ ಹಲಗೆಗೆ, ನೀರಿನಂಥದ್ದು ಕೆಳಗೆ, ಸೋರಿದರೆ ಪುಡಿ ಮೇಲೆ ಬೀಳಬಾರದು. ಕಳೆನಾಶಕಕ್ಕೆ ಬೇರೆ ಡಬ್ಬ, ಬೇರೆ ಅಳತೆ ಲೋಟ, ಆದರೆ ಬೇರೆ ಕ್ಯಾನು. ನಮ್ಮ ಓಣಿಯವರೊಬ್ಬರು 2,4-ಡಿ ಹೊಡೆದ ಕ್ಯಾನನ್ನು ಬರೀ ನೀರಲ್ಲಿ ತೊಳೆದು ಹತ್ತಿಗೆ ಹೊಡೆದರು. ವಾರದಲ್ಲಿ ಹತ್ತಿ ಎಲೆ ಬೆಂಡೆ ಎಲೆ ಥರ ಸೀಳಿ ಬೆರಳು ಬೆರಳಾಯ್ತು.

ಯಾವ ಔಷಧಿಯನ್ನೂ ನೀರಿನ ಬಾಟಲಿಗೆ, ಕ್ವಾರ್ಟರ್ ಬಾಟಲಿಗೆ ಬಗ್ಗಿಸಬೇಡಿ. ನಿನ್ನ ಲೇಬಲ್ ಇಲ್ಲದ ಬಾಟಲಿ ಹಾಗೇ ಹುಟ್ಟಿದ್ದು ನೋಡು. ಯಾರಾದರೂ ಅಪ್ಪಿತಪ್ಪಿ ಕುಡಿದರೆ ಡಾಕ್ಟರ್ ಮೊದಲು ಕೇಳೋದೇ ಡಬ್ಬಿ ಎಲ್ಲಿ ಅಂತ. ಲೇಬಲಿನ ಮೇಲೆ ವಿಷದ ಹೆಸರೂ ಇರುತ್ತೆ, ಏನು ಮದ್ದು ಅಂತಲೂ ಇರುತ್ತೆ. ಕೀಲಿ ಹಾಕೋದು ಮಕ್ಕಳಿಗಷ್ಟೇ ಅಲ್ಲಪ್ಪ. ಮನೆಯಲ್ಲಿ ದೊಡ್ಡವರಿಗೂ ಮನಸ್ಸು ಕೆಡೋ ಗಳಿಗೆ ಬರುತ್ತೆ, ಆ ಗಳಿಗೆಯಲ್ಲಿ ಅದು ಕೈಗೆ ಸಿಗಬಾರದು. ನಮ್ಮ ಮನೆ ಕೀಲಿ ನನ್ನ ಸೆರಗಿನಲ್ಲೇ ಇರುತ್ತೆ.

ಕೆಂಪುಮಣ್ಣು, ಜಗಳೂರು ಸೀಮೆ · ಮೇ 19, ಸಂಜೆ 6:30

ಓದಿದೆ ಅಕ್ಕ. ನಾಳೆ ಪೇಟೆಗೆ ಹೋದಾಗ ಬೀಗ ತರ್ತೀನಿ. ಕಳೆನಾಶಕಕ್ಕೆ "ಆದರೆ ಬೇರೆ ಕ್ಯಾನು" ಅಂದ್ರಲ್ಲ, ಎರಡನೇ ಕ್ಯಾನ್ ಕೊಳ್ಳೋ ಶಕ್ತಿ ಇದ್ದರೆ ಅಂತ ತಾನೇ?

ಹೊಸದುರ್ಗದ ಅಕ್ಕ · ಮೇ 19, ಸಂಜೆ 6:55

ಹೌದು. ಇಲ್ಲದಿದ್ದರೆ ಸೋಪಿನ ಪುಡಿ ನೀರು ತುಂಬಿ ರಾತ್ರಿ ಬಿಟ್ಟು, ಪೈಪು, ನಾಜಲ್ಲು ಎಲ್ಲಾ ಹಾಯಿಸಿ ಮೂರು ಸಲ ತೊಳಿ. ಆದರೂ ಹತ್ತಿ, ತೊಗರಿ, ಟೊಮೆಟೊಗೆ ಆ ಕ್ಯಾನ್ ನಾನು ನಂಬಲ್ಲ.

ಕೆಂಪುಮಣ್ಣು, ಜಗಳೂರು ಸೀಮೆ · ಜೂನ್ 2, ರಾತ್ರಿ 8:20

ಇಷ್ಟು ದಿನ ಮಾಡಿದ್ದು ಹೇಳ್ತೀನಿ. ಈರುಳ್ಳಿ ಬೀಜ ನೂರು ಕಾಳು ಎಣಿಸಿ ಒದ್ದೆ ಗೋಣಿ ತುಂಡಿನಲ್ಲಿ ಸುತ್ತಿಟ್ಟಿದ್ದೆ. ಹನ್ನೆರಡು ದಿನಕ್ಕೆ 31 ಮೊಳೆತವು. ಡಬ್ಬಿಯ ಮೇಲೆ ಕನಿಷ್ಠ 70 ಅಂತ ಇದೆ. ಒಂದು ವರ್ಷ ಬಾಯಿ ತೆರೆದಿಟ್ಟಿದ್ದಕ್ಕೆ ಅಷ್ಟು ಹೋಗಿದೆ, ಹೊಸದು ತರ್ತೀನಿ. ಎಮಾಮೆಕ್ಟಿನ್ ಕರಗಿತು.

ಮೆಕ್ಕೆಜೋಳದ ಬೀಜ ತಂದೆ, ನಾಲ್ಕೂ ಪಾಕೀಟು ಒಂದೇ ಲಾಟು ಕೇಳಿ ತಗೊಂಡೆ, ಬಿಲ್ಲಿನಲ್ಲಿ ನಂಬರ್ ಬರೆಸಿದೆ. ಅಂಗಡಿಯ ಹುಡುಗ ಸ್ವಲ್ಪ ಗೊಣಗಿದ, ಆದರೆ ಬರೆದ. ಯೂರಿಯಾ ಮನೆಯ 38 ಕಳೆದು ಎರಡೇ ಚೀಲ. ಅಕ್ಕನ ಲೆಕ್ಕಕ್ಕಿಂತ 12 ಕೆಜಿ ಕಡಿಮೆ ಆಗುತ್ತೆ, ಪಕ್ಕದ ಹೊಲದ ಮಾವ ಕೊಡ್ತೀನಿ ಅಂದಿದಾರೆ. ಡಿಎಪಿ ಮಾತ್ರ ಎರಡು ಚೀಲವೇ ತರಬೇಕಾಯ್ತು, ಮನೆಯ 12ಕ್ಕೆ ಒಂದು ಚೀಲ ಸೇರಿಸಿದರೆ 62, ಸಾಲಲ್ಲ. ಈ ಸಲ ಉಳಿಯೋ 25 ಕೆಜಿ ಪುಸ್ತಕದಲ್ಲಿ ಬರೆದಿಟ್ಟಿದೀನಿ.

ಲೇಬಲ್ ಇಲ್ಲದ ಬಾಟಲಿ ಬಗ್ಗೆ ಅರ್ಜಿ ಕೊಟ್ಟೆ. ನಕಲಿಗೆ ಸಹಿ ಹಾಕಿಕೊಟ್ಟರು, ವಿಚಾರಿಸಿ ಹೇಳ್ತೀವಿ ಅಂದರು. ಸದ್ಯಕ್ಕೆ ಪೆಟ್ಟಿಗೆಯಲ್ಲಿ ಬೀಗದೊಳಗೆ ಇದೆ. ಪುಸ್ತಕದಲ್ಲಿ ಅದಕ್ಕೂ ಒಂದು ಸಾಲು: ಗೊತ್ತಿಲ್ಲದ ದ್ರವ, ಸುಮಾರು 300 ಮಿಲಿ, ಮುಟ್ಟಬಾರದು.

ತೋಟದಮನೆ, ಚನ್ನಗಿರಿ · ಜೂನ್ 2, ರಾತ್ರಿ 9:00

ಅವರು ಏನಾದರೂ ಹೇಳಿದರೆ ಇಲ್ಲಿ ಹಾಕಿ. ನನ್ನ ಡಬ್ಬಿಯೂ ಕಾಯ್ತಾ ಇದೆ.